ಎಷ್ಟು, ಯಾವಾಗ, ಏಕೆ: ಶುಲ್ಕದ ಸುತ್ತೋಲೆಯನ್ನು ತಿದ್ದಿ ಬರೆಯಲು ನಮ್ಮ ಶಾಲೆಯ ಆಡಳಿತ ಮಂಡಳಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ ಹಾಗೂ ಮುಖ್ಯೋಪಾಧ್ಯಾಯರೇ,

ಏಪ್ರಿಲ್ ತಿಂಗಳಲ್ಲಿ ಫಲಿತಾಂಶದ ಹಾಳೆಯ ಜೊತೆ ತಾವು ಮಕ್ಕಳ ಕೈಯಲ್ಲಿ ಕಳುಹಿಸಿದ ಶುಲ್ಕ ಪರಿಷ್ಕರಣೆಯ ಸುತ್ತೋಲೆಯ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಶುಲ್ಕ ಏರಿಸಿದ್ದು ತಪ್ಪೆಂದು ವಾದಿಸಲು ಬಂದಿಲ್ಲ. ಅನುದಾನರಹಿತ ಶಾಲೆಗಳು ತಮ್ಮ ಶುಲ್ಕವನ್ನು ತಾವೇ ನಿರ್ಧರಿಸಬಹುದು, ಬೆಳವಣಿಗೆಗಾಗಿ ಮಿತವಾದ ಉಳಿತಾಯವನ್ನೂ ಇಟ್ಟುಕೊಳ್ಳಬಹುದು, ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಶನ್ ಶುಲ್ಕ ಪಡೆಯಕೂಡದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹೇಳಿದೆ. ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ ಅದು. ಹಕ್ಕು ತಮಗಿದೆ. ಆ ಹಕ್ಕನ್ನು ಚಲಾಯಿಸುವ ಕಾಗದ ಪೋಷಕರಿಗೆ ಅರ್ಥವಾಗಬೇಕು ಎನ್ನುವುದಷ್ಟೇ ನನ್ನ ತಕರಾರು. ಕಚೇರಿಯೊಂದರಲ್ಲಿ ಪತ್ರ ವ್ಯವಹಾರ ನೋಡಿಕೊಳ್ಳುವುದು ನನ್ನ ಉದ್ಯೋಗ. ಆದ್ದರಿಂದ ತಕರಾರಿನ ಜೊತೆಗೆ, ತಿದ್ದಿ ಬರೆದ ಸುತ್ತೋಲೆಯನ್ನೂ ಈ ಪತ್ರದಲ್ಲೇ ಇಟ್ಟಿದ್ದೇನೆ.

ತಾವು ಕಳುಹಿಸಿದ ಒಕ್ಕಣೆ ಹೀಗಿತ್ತು:

“ಆತ್ಮೀಯ ಪೋಷಕರೇ, ಹೆಚ್ಚುತ್ತಿರುವ ನಿರ್ವಹಣಾ ವೆಚ್ಚ, ಇಂಧನ ಬೆಲೆ ಏರಿಕೆ, ಸಿಬ್ಬಂದಿ ವೇತನ ಪರಿಷ್ಕರಣೆ ಹಾಗೂ ಗುಣಮಟ್ಟದ ಶಿಕ್ಷಣವನ್ನು ಕಾಯ್ದುಕೊಳ್ಳುವ ದೃಷ್ಟಿಯಿಂದ 2026-27ನೇ ಸಾಲಿಗೆ ಶಾಲಾ ಶುಲ್ಕವನ್ನು ಶೇ. 12ರಷ್ಟು ಪರಿಷ್ಕರಿಸಲು ಆಡಳಿತ ಮಂಡಳಿಯು ಅನಿವಾರ್ಯವಾಗಿ ತೀರ್ಮಾನಿಸಿದೆ. ಮೊದಲ ಕಂತನ್ನು ಶಾಲೆ ಪುನರಾರಂಭವಾಗುವುದರೊಳಗೆ, ಉಳಿದ ಕಂತುಗಳನ್ನು ಆಯಾ ಅವಧಿಯಲ್ಲಿ ಪಾವತಿಸತಕ್ಕದ್ದು. ತಪ್ಪಿದಲ್ಲಿ ನಿಯಮಾನುಸಾರ ದಂಡ ವಿಧಿಸಲಾಗುವುದು. ಎಂದಿನಂತೆ ಸಹಕರಿಸಬೇಕಾಗಿ ಕೋರಿಕೆ.”

ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಅಗೌರವದ ಮಾತೂ ಇಲ್ಲ. ಆದರೆ ಇಡೀ ಕಾಗದದಲ್ಲಿ ರೂಪಾಯಿಯ ಒಂದು ಅಂಕಿ ಇಲ್ಲ, ಕ್ಯಾಲೆಂಡರಿನ ಒಂದು ದಿನಾಂಕವೂ ಇಲ್ಲ.

ನನ್ನ ಮಗಳು ಆರನೇ ತರಗತಿಗೆ ಹೋಗುತ್ತಾಳೆ. ಆ ತರಗತಿಗೆ ಕಳೆದ ವರ್ಷ ಇದ್ದ ಶುಲ್ಕ ಹೀಗೆ: ಬೋಧನಾ ಶುಲ್ಕ ₹24,000, ವಾರ್ಷಿಕ ಶುಲ್ಕ ₹4,000, ಕಂಪ್ಯೂಟರ್ ಶುಲ್ಕ ₹2,000, ಒಟ್ಟು ₹30,000. ಶಾಲೆಯ ಬಸ್ಸಿನಲ್ಲಿ ಬರುವವರಿಗೆ ಅದರ ಮೇಲೆ ₹12,000. ಈಗ ಶೇ. 12 ಎಂದರೆ ಎಷ್ಟು? ಬೋಧನಾ ಶುಲ್ಕದ ಮೇಲೆ ಮಾತ್ರ ಲೆಕ್ಕ ಹಾಕಿದರೆ ₹2,880 ಹೆಚ್ಚು. ಮೂರೂ ಬಾಬ್ತು ಸೇರಿಸಿದರೆ ₹3,600. ಬಸ್ಸನ್ನೂ ಶಾಲಾ ಶುಲ್ಕವೆಂದೇ ತಿಳಿದವರಿಗೆ ₹5,040. ಶಾಲೆಯ ಗೇಟಿನ ಬಳಿ ನಿಂತ ತಾಯಂದಿರಲ್ಲಿ ಈ ಮೂರೂ ಲೆಕ್ಕಗಳು ಓಡಾಡುತ್ತಿದ್ದವು. ಒಬ್ಬೊಬ್ಬರೂ ತಮ್ಮ ಲೆಕ್ಕವೇ ಸರಿಯೆಂದು ನಂಬಿದ್ದರು, ಸುತ್ತೋಲೆಯ ಪ್ರಕಾರ ನಂಬಲು ಅಡ್ಡಿಯೂ ಇರಲಿಲ್ಲ. ಕೊನೆಗೆ ಲೆಕ್ಕಪತ್ರ ವಿಭಾಗದಲ್ಲಿ ವಿಚಾರಿಸಿದಾಗ ಸಿಕ್ಕ ಉತ್ತರ ಈ ಮೂರರಲ್ಲಿ ಯಾವುದೂ ಅಲ್ಲ. ಹೆಚ್ಚಳ ಬೋಧನಾ ಶುಲ್ಕಕ್ಕೂ ವಾರ್ಷಿಕ ಶುಲ್ಕಕ್ಕೂ ಅನ್ವಯಿಸುತ್ತದೆ, ಕಂಪ್ಯೂಟರ್ ಮತ್ತು ಬಸ್ ಶುಲ್ಕ ಹಾಗೇ ಇರುತ್ತವೆ ಎಂದರು. ಅಂದರೆ ₹28,000ರ ಮೇಲೆ ಶೇ. 12, ₹3,360.

ತಾವು ಕೇಳುತ್ತಿರುವುದಕ್ಕಿಂತ ₹1,680 ಹೆಚ್ಚು ಏರಿಸಿದ್ದೀರಿ ಎಂದು ಎಷ್ಟೋ ಮನೆಗಳು ನೊಂದುಕೊಂಡವು. ಇನ್ನು ಕೆಲವರು ₹480 ಕಡಿಮೆ ಎಣಿಸಿಕೊಂಡು ಹಣ ಹೊಂದಿಸುತ್ತಿದ್ದಾರೆ, ಅವರಿಗೆ ಕೌಂಟರಿನ ಮುಂದೆ ಮುಜುಗರ ಕಾದಿದೆ. ಶೇಕಡಾವಾರು ಎನ್ನುವುದು ಆಡಳಿತ ಮಂಡಳಿಯ ಸಭೆಗೆ ಬೇಕಾದ ಅಂಕಿ. ಮನೆಯಲ್ಲಿ ಕೂತವರಿಗೆ ಅದರಿಂದ ಉಪಯೋಗವಿಲ್ಲ, ಏಕೆಂದರೆ ಯಾವುದರ ಮೇಲೆ ಎಂಬ ಮೂಲ ಮೊತ್ತ ಅವರ ಕಣ್ಣ ಮುಂದೆ ಇರುವುದಿಲ್ಲ. ಅವರಿಗೆ ಬೇಕಾದದ್ದು ಕಳೆದ ವರ್ಷದ ಮೊತ್ತ, ಈ ವರ್ಷದ ಮೊತ್ತ, ನಡುವಿನ ವ್ಯತ್ಯಾಸ. ಅದೂ ಬಾಬ್ತುವಾರು. ಬದಲಾಗದ ಬಾಬ್ತನ್ನೂ ಬಿಡದೆ ತೋರಿಸಿ ‘ಬದಲಾವಣೆ ಇಲ್ಲ’ ಎಂದು ಬರೆಯಬೇಕು. ತಾವು ಮೌನವಾಗಿದ್ದ ಕಡೆಯಲ್ಲೇ ಬಸ್ಸಿನ ₹1,440 ಹುಟ್ಟಿಕೊಂಡಿತು.

ಬೋಧನಾ ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸಲು ಇನ್ನೊಂದು ಕಾರಣವೂ ಇದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲೇ ಉಳಿದಿರುವ ನೌಕರರು ಇಬ್ಬರು ಮಕ್ಕಳವರೆಗೆ ಬೋಧನಾ ಶುಲ್ಕಕ್ಕೆ ವಿನಾಯಿತಿ ಕೇಳಬಹುದು. ಅಭಿವೃದ್ಧಿ ಶುಲ್ಕ, ದೇಣಿಗೆ, ಬಸ್ ಶುಲ್ಕಗಳಿಗೆ ಆ ವಿನಾಯಿತಿ ಇಲ್ಲ. ಎಲ್ಲವನ್ನೂ ಒಂದೇ ಮೊತ್ತದಲ್ಲಿ ಬೆರೆಸಿ ರಸೀದಿ ಕೊಟ್ಟರೆ ಜನವರಿ, ಫೆಬ್ರವರಿಯಲ್ಲಿ ಅವರೆಲ್ಲ ಪ್ರಮಾಣಪತ್ರಕ್ಕಾಗಿ ಮತ್ತೆ ತಮ್ಮ ಕಚೇರಿಗೇ ಬರುತ್ತಾರೆ.

ಎಲ್‌ಕೆಜಿಯಿಂದ ಹತ್ತನೇ ತರಗತಿಯವರೆಗಿನ ಇಡೀ ಶುಲ್ಕವನ್ನು ಒಂದೇ ಕೋಷ್ಟಕದಲ್ಲಿ ಹಾಕುವ ಯೋಚನೆ ತಮಗೆ ಬರಬಹುದು. ದಯವಿಟ್ಟು ಬೇಡ. ಸಣ್ಣ ಅಕ್ಷರದ ಹನ್ನೆರಡು ಸಾಲುಗಳಲ್ಲಿ ಓದುವವರ ಬೆರಳು ಒಂದು ಸಾಲು ಜಾರಿದರೆ ಬೇರೆ ತರಗತಿಯ ಮೊತ್ತ ತಲೆಯಲ್ಲಿ ಕೂರುತ್ತದೆ. ತರಗತಿಗೊಂದು ಹಾಳೆ ಮುದ್ರಿಸಿ. ಮೊತ್ತದ ಭಾಗ ಬಿಟ್ಟರೆ ಉಳಿದದ್ದೆಲ್ಲ ಒಂದೇ ಆದ್ದರಿಂದ ಕೆಲಸವೂ ಹೆಚ್ಚಾಗುವುದಿಲ್ಲ.

ಇನ್ನು ಕಾರಣಗಳು. ಸುತ್ತೋಲೆಯಲ್ಲಿ ನಾಲ್ಕು ಕಾರಣ ಕೊಟ್ಟಿದ್ದೀರಿ. ಅವುಗಳಲ್ಲಿ ‘ಇಂಧನ ಬೆಲೆ ಏರಿಕೆ’ ಈ ಹೆಚ್ಚಳಕ್ಕೆ ಸಂಬಂಧಿಸಿದ್ದೇ ಅಲ್ಲ, ಏಕೆಂದರೆ ಬಸ್ ಶುಲ್ಕವನ್ನು ತಾವು ಏರಿಸಿಲ್ಲ. ಹಿಂದಿನ ಯಾವುದೋ ವರ್ಷದ ಸುತ್ತೋಲೆಯಿಂದ ಆ ಸಾಲು ಹಾಗೇ ಉಳಿದು ಬಂದಿರಬೇಕು. ಆದರೆ ಬಸ್ ಶುಲ್ಕವೂ ಏರಿದೆ ಎಂದು ಜನ ನಂಬಲು ಆ ಮೂರು ಪದಗಳೇ ಸಾಕಾದವು. ಕಾರಣವನ್ನು ಬರೆಯುವಾಗ ಅದರ ಎದುರು ಒಂದು ಮೊತ್ತ ಬರೆಯಲು ಸಾಧ್ಯವೇ ಎಂದು ನೋಡಿಕೊಂಡರೆ ಇಂಥದ್ದು ತಾನಾಗಿ ಬಿದ್ದುಹೋಗುತ್ತದೆ. ‘ಗುಣಮಟ್ಟದ ಶಿಕ್ಷಣ’ದ ಎದುರು ಮೊತ್ತ ಬರೆಯಲಾಗದು, ಹೊಸ ಗಣಿತ ಶಿಕ್ಷಕರ ಸಂಬಳದ ಎದುರು ಬರೆಯಬಹುದು.

ತಮ್ಮ ಬಳಿ ಮೊತ್ತಗಳಿಲ್ಲ ಎಂದಲ್ಲ. ಪೋಷಕರ ಸಭೆಯಲ್ಲಿ ಖಜಾಂಚಿಗಳು ಎಲ್ಲವನ್ನೂ ಬಿಡಿಸಿ ಹೇಳಿದರು, ಚೆನ್ನಾಗಿಯೇ ಹೇಳಿದರು. ಪರಿಷ್ಕರಣೆಯಿಂದ ಇಡೀ ಶಾಲೆಗೆ ಸುಮಾರು ₹18 ಲಕ್ಷ ಹೆಚ್ಚುವರಿಯಾಗಿ ಬರುತ್ತದೆ. ಅದರಲ್ಲಿ ₹11.5 ಲಕ್ಷ ಈಗಿರುವ ಶಿಕ್ಷಕರ ಮತ್ತು ಸಿಬ್ಬಂದಿಯ ವೇತನ ಹಾಗೂ ಭವಿಷ್ಯ ನಿಧಿಗೆ, ₹3 ಲಕ್ಷ ಪ್ರೌಢಶಾಲೆಗೆ ಒಬ್ಬ ಗಣಿತ ಶಿಕ್ಷಕರ ನೇಮಕಕ್ಕೆ, ₹3.5 ಲಕ್ಷ ಹಳೆಯ ಕಟ್ಟಡದ ಚಾವಣಿಯ ದುರಸ್ತಿಗೆ. ಆ ಮಾತು ಕೇಳಿದ ಮೇಲೆ ಸಭೆಯಲ್ಲಿ ಗದ್ದಲ ತಗ್ಗಿತು. ಆದರೆ ದಿನಗೂಲಿ ಬಿಟ್ಟು ಬರಲಾಗದವರು, ಅಂಗಡಿ ಮುಚ್ಚಲಾಗದವರು ಆ ಸಭೆಯಲ್ಲಿ ಇರಲಿಲ್ಲ. ಅವರ ಪಾಲಿಗೆ ಇರುವುದು ಸುತ್ತೋಲೆ ಒಂದೇ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ವೇತನವೂ ಹೊಸ ಶಿಕ್ಷಕರ ನೇಮಕವೂ ಪ್ರತಿ ವರ್ಷ ಬರುವ ಖರ್ಚುಗಳು. ಚಾವಣಿ ದುರಸ್ತಿ ಒಂದು ಸಲದ ಖರ್ಚು. ಶುಲ್ಕದ ಹೆಚ್ಚಳವಾದರೋ ಒಮ್ಮೆ ಸೇರಿದರೆ ಮುಂದಿನ ವರ್ಷಗಳಿಗೂ ಅದೇ ಬುನಾದಿಯಾಗುತ್ತದೆ, ಅದರ ಮೇಲೆಯೇ ಮುಂದಿನ ಶೇಕಡಾವಾರು ಏರುತ್ತದೆ. ಆರನೇ ತರಗತಿಯ ಒಂದು ಮಗುವಿನ ₹3,360ರಲ್ಲಿ ಚಾವಣಿಯ ಪಾಲು ₹650ರ ಆಸುಪಾಸು. ದುರಸ್ತಿ ಮುಗಿದ ಮೇಲೆ ಆ ₹650 ಏನಾಗುತ್ತದೆ? ಮುಂದಿನ ವರ್ಷ ಕೈಬಿಡುತ್ತೀರಾ, ಬೇರೊಂದು ಕಟ್ಟಡ ಕೆಲಸಕ್ಕೆ ಇಡುತ್ತೀರಾ? ಎರಡಕ್ಕೂ ಪೋಷಕರು ಒಪ್ಪಬಹುದು, ಹೇಳದೆ ಬಿಟ್ಟರೆ ಮಾತ್ರ ಒಪ್ಪುವುದು ಕಷ್ಟ. ಕೆಳಗಿನ ಕರಡಿನಲ್ಲಿ ಈ ಒಂದು ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಅದು ತಮ್ಮ ತೀರ್ಮಾನ, ನಾನು ತುಂಬಲಾಗದು.

ದಿನಾಂಕದ ವಿಷಯ ಇಷ್ಟು ಜಟಿಲವಲ್ಲ. ‘ಶಾಲೆ ಪುನರಾರಂಭವಾಗುವುದರೊಳಗೆ’ ಎಂಬುದು ದಿನಾಂಕವಲ್ಲ. ಪುನರಾರಂಭದ ದಿನವನ್ನು ಇಲಾಖೆಯ ವೇಳಾಪಟ್ಟಿ ನಿರ್ಧರಿಸುತ್ತದೆ, ಅದು ಮೇ ಕೊನೆಗೋ ಜೂನ್ ಮೊದಲಿಗೋ ಸರಿಯಬಹುದು. ಕಂತಿನ ದಿನವನ್ನು ಬೇರೊಂದು ಘಟನೆಗೆ ಕಟ್ಟದೆ ತಿಂಗಳು, ತಾರೀಖು, ವಾರ ಮೂರನ್ನೂ ಬರೆಯಿರಿ. ವಾರ ಬರೆಯುವುದರಿಂದ ತಮಗೂ ಅನುಕೂಲವಿದೆ, ಭಾನುವಾರವೋ ಹಬ್ಬದ ರಜೆಯೋ ಎದುರಾದರೆ ಮುದ್ರಣಕ್ಕೆ ಮೊದಲೇ ಗೊತ್ತಾಗುತ್ತದೆ. ನಾನು 10ನೇ ತಾರೀಖನ್ನು ಆರಿಸಿಕೊಂಡಿದ್ದೇನೆ, ಸಂಬಳದವರಲ್ಲಿ ಹೆಚ್ಚಿನವರ ಖಾತೆಗೆ ಅಷ್ಟರಲ್ಲಿ ಹಣ ಬಂದಿರುತ್ತದೆ. ಕೊನೆಯ ದಿನವೂ ಹಣ ಕಟ್ಟಬಹುದೇ, ರಾತ್ರಿ ಯುಪಿಐಯಲ್ಲಿ ಕಳುಹಿಸಿದರೆ ಅದೇ ದಿನದ ಲೆಕ್ಕವೇ, ಚೆಕ್ಕನ್ನು ಕೊಟ್ಟ ದಿನ ಮುಖ್ಯವೋ ನಗದಾದ ದಿನವೋ ಎಂಬ ಪ್ರಶ್ನೆಗಳಿಗೆ ಎರಡು ಸಾಲು ಸಾಕು. ದಂಡವನ್ನೂ ರೂಪಾಯಿಯಲ್ಲೇ ಹೇಳಿ. ‘ನಿಯಮಾನುಸಾರ’ ಎಂದಿರಿ, ಆ ನಿಯಮ ಎಲ್ಲಿ ಬರೆದಿದೆ ಎಂದು ಕೌಂಟರಿನಲ್ಲಿ ಕೇಳಿದರೆ ಅವರಿಗೂ ತಿಳಿದಿರಲಿಲ್ಲ. ವಾಡಿಕೆಯಲ್ಲಿ ₹100 ಎಂದು ಮಾತ್ರ ಹೇಳಿದರು.

ಇವೆಲ್ಲವನ್ನೂ ಸೇರಿಸಿ ಆರನೇ ತರಗತಿಯ ಹಾಳೆಯನ್ನು ಹೀಗೆ ಬರೆದಿದ್ದೇನೆ. ದಿನಾಂಕಗಳೂ ದಂಡದ ರಿಯಾಯಿತಿಯೂ ನನ್ನ ಸಲಹೆ, ಬದಲಿಸಿಕೊಳ್ಳಬಹುದು. ಮೊತ್ತಗಳು ತಮ್ಮ ಲೆಕ್ಕಪತ್ರ ವಿಭಾಗದವರು ಹೇಳಿದವು.

ಸುತ್ತೋಲೆ ಸಂಖ್ಯೆ ……, ದಿನಾಂಕ ……
2026-27ನೇ ಸಾಲಿನ ಶುಲ್ಕ: 6ನೇ ತರಗತಿ

ಮಾನ್ಯ ಪೋಷಕರೇ,

6ನೇ ತರಗತಿಯ ಒಂದು ವರ್ಷದ ಶುಲ್ಕವನ್ನು ₹30,000ದಿಂದ ₹33,360ಕ್ಕೆ (ಮೂವತ್ತಮೂರು ಸಾವಿರದ ಮುನ್ನೂರ ಅರವತ್ತು ರೂಪಾಯಿ) ಏರಿಸಲಾಗಿದೆ. ಹೆಚ್ಚಳ ವರ್ಷಕ್ಕೆ ₹3,360.

ಬೋಧನಾ ಶುಲ್ಕ: ಕಳೆದ ವರ್ಷ ₹24,000, ಈ ವರ್ಷ ₹26,880, ಹೆಚ್ಚಳ ₹2,880.
ವಾರ್ಷಿಕ ಶುಲ್ಕ: ಕಳೆದ ವರ್ಷ ₹4,000, ಈ ವರ್ಷ ₹4,480, ಹೆಚ್ಚಳ ₹480.
ಕಂಪ್ಯೂಟರ್ ಶುಲ್ಕ: ₹2,000, ಬದಲಾವಣೆ ಇಲ್ಲ.
ಬಸ್ ಶುಲ್ಕ (ಬಸ್ ಬಳಸುವವರಿಗೆ ಮಾತ್ರ): ₹12,000, ಬದಲಾವಣೆ ಇಲ್ಲ.

ಮೂರು ಸಮ ಕಂತುಗಳಲ್ಲಿ ಪಾವತಿಸಬಹುದು. ಪ್ರತಿ ಕಂತು ಬಸ್ ಬಳಸದವರಿಗೆ ₹11,120, ಬಸ್ ಬಳಸುವವರಿಗೆ ₹15,120.

ಮೊದಲ ಕಂತಿಗೆ ಕೊನೆಯ ದಿನ: 10 ಜೂನ್ 2026, ಬುಧವಾರ.
ಎರಡನೇ ಕಂತಿಗೆ ಕೊನೆಯ ದಿನ: 10 ಸೆಪ್ಟೆಂಬರ್ 2026, ಗುರುವಾರ.
ಮೂರನೇ ಕಂತಿಗೆ ಕೊನೆಯ ದಿನ: 10 ಡಿಸೆಂಬರ್ 2026, ಗುರುವಾರ.

ಕೊನೆಯ ದಿನವೂ ಪಾವತಿಸಬಹುದು. ಆ ದಿನ ರಾತ್ರಿ 12 ಗಂಟೆಯವರೆಗೆ ಯುಪಿಐ ಅಥವಾ ಬ್ಯಾಂಕ್ ಮೂಲಕ ಕಳುಹಿಸಿದ ಹಣವನ್ನೂ, ಕಚೇರಿ ಮುಚ್ಚುವ ಮೊದಲು ಕೊಟ್ಟ ಚೆಕ್ಕನ್ನೂ ಸಕಾಲದ ಪಾವತಿ ಎಂದೇ ಪರಿಗಣಿಸುತ್ತೇವೆ. ಅದೇ ತಿಂಗಳ 20ನೇ ತಾರೀಖಿನವರೆಗೆ ದಂಡವಿಲ್ಲ. 21ರಿಂದ ಆ ಕಂತಿಗೆ ಒಂದು ಬಾರಿ ₹100 ದಂಡ, ದಿನ ಕಳೆದಂತೆ ಅದು ಬೆಳೆಯುವುದಿಲ್ಲ. ಶುಲ್ಕ ಬಾಕಿ ಇದೆಯೆಂದು ಯಾವ ಮಗುವನ್ನೂ ತರಗತಿಯಿಂದ ಅಥವಾ ಪರೀಕ್ಷೆಯಿಂದ ಹೊರಗಿಡುವುದಿಲ್ಲ.

ಈಗಾಗಲೇ ಹಳೆಯ ದರದಲ್ಲಿ ಮೊದಲ ಕಂತು (₹10,000, ಬಸ್ ಸೇರಿ ₹14,000) ಪಾವತಿಸಿರುವವರು 10 ಜೂನ್ 2026ರ ಕೊನೆಯವರೆಗೆ ₹1,120 ಮಾತ್ರ ಕಟ್ಟಬೇಕು.

ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಉಚಿತ ಸೀಟು ಪಡೆದ ಮಕ್ಕಳಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ.

ಏರಿಸಲು ಕಾರಣ: ಈ ಹೆಚ್ಚಳದಿಂದ ಶಾಲೆಗೆ ವರ್ಷಕ್ಕೆ ಸುಮಾರು ₹18 ಲಕ್ಷ ಬರುತ್ತದೆ. ತಾವು ಹೆಚ್ಚಾಗಿ ಕೊಡುವ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು ₹64 ಶಿಕ್ಷಕರ ಮತ್ತು ಸಿಬ್ಬಂದಿಯ ವೇತನ ಹಾಗೂ ಭವಿಷ್ಯ ನಿಧಿಗೆ, ₹17 ಹೊಸ ಗಣಿತ ಶಿಕ್ಷಕರ ನೇಮಕಕ್ಕೆ, ₹19 ಹಳೆಯ ಕಟ್ಟಡದ ಚಾವಣಿ ದುರಸ್ತಿಗೆ ಹೋಗುತ್ತದೆ. ಚಾವಣಿ ದುರಸ್ತಿ ಈ ವರ್ಷದ ಖರ್ಚು ಮಾತ್ರ. 2027-28ರಲ್ಲಿ ಈ ಭಾಗವನ್ನು ………………

ಒಂದೇ ಬಾರಿಗೆ ಕಂತು ಕಟ್ಟಲು ಕಷ್ಟವಿರುವವರು ಕೊನೆಯ ದಿನಕ್ಕೆ ಮೊದಲು ಮುಖ್ಯೋಪಾಧ್ಯಾಯರನ್ನು ಭೇಟಿ ಮಾಡಿ ಬೇರೆ ದಿನಾಂಕ ಕೇಳಬಹುದು. ಶುಲ್ಕದ ಬಗ್ಗೆ ವಿಚಾರಿಸಲು: ಲೆಕ್ಕಪತ್ರ ವಿಭಾಗ, ಶಾಲಾ ದಿನಗಳಲ್ಲಿ …… ಗಂಟೆಯಿಂದ …… ಗಂಟೆಯವರೆಗೆ, ದೂರವಾಣಿ …….

ಏಪ್ರಿಲ್‌ನಲ್ಲಿ ಕಳುಹಿಸಿದ ಶುಲ್ಕ ಪರಿಷ್ಕರಣೆಯ ಸುತ್ತೋಲೆಯನ್ನು ಹಿಂಪಡೆಯಲಾಗಿದೆ.

(ಕರಡು ಇಲ್ಲಿಗೆ ಮುಗಿಯಿತು.)

ಕಾರಣಗಳನ್ನು ಕೆಳಕ್ಕೆ ಇಳಿಸಿದ್ದೇಕೆ ಎಂದು ತಾವು ಕೇಳಬಹುದು. ಏರಿಕೆಯ ಸುದ್ದಿಗೆ ಮೊದಲು ಸಮಜಾಯಿಷಿ ಕೊಡುವುದು ಮರ್ಯಾದೆ ಎಂದು ನಾವೆಲ್ಲ ರೂಢಿಸಿಕೊಂಡಿದ್ದೇವೆ. ಆದರೆ ಕಾಗದ ಕೈಗೆ ಬಂದಾಗ ಪೋಷಕರ ಕಣ್ಣು ಮೊದಲು ಮೊತ್ತವನ್ನು ಹುಡುಕುತ್ತದೆ, ಅದು ಸಿಗುವ ತನಕ ಬೇರೆ ಯಾವ ಸಾಲೂ ತಲೆಗೆ ಹತ್ತುವುದಿಲ್ಲ. ಮೊತ್ತ ತಿಳಿದ ಮೇಲೆ, ಇಷ್ಟೇಕೆ ಎಂಬ ಪ್ರಶ್ನೆ ಹುಟ್ಟಿದ ಜಾಗದಲ್ಲಿಯೇ ಕಾರಣ ಸಿಕ್ಕರೆ ಅದನ್ನು ಸಮಾಧಾನದಿಂದ ಓದುತ್ತಾರೆ.

ಆರ್‌ಟಿಇ ಮಕ್ಕಳ ಬಗೆಗಿನ ಸಾಲನ್ನು ಚಿಕ್ಕದೆಂದು ಬಿಟ್ಟುಬಿಡಬೇಡಿ. ನಮ್ಮ ಬೀದಿಯಲ್ಲೇ ಒಬ್ಬ ತಾಯಿ, ಮಗನಿಗೆ ಆ ಕಾಯ್ದೆಯಡಿ ಸೀಟು ಸಿಕ್ಕಿದ್ದರೂ, ಈ ಸುತ್ತೋಲೆ ನೋಡಿ ಇನ್ನು ಮುಂದೆ ತಮಗೂ ಶುಲ್ಕ ಬಂದಿತೆಂದು ತಿಳಿದು ಸಾಲಕ್ಕೆ ಓಡಾಡುತ್ತಿದ್ದರು. ಎಲ್ಲ ಮಕ್ಕಳ ಚೀಲಕ್ಕೂ ಒಂದೇ ಹಾಳೆ ಹಾಕಿದಾಗ ಯಾರಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಹಾಳೆಯೇ ಹೇಳಬೇಕು.

ಸುತ್ತೋಲೆಯ ಸಂಖ್ಯೆ, ತರಗತಿ, ವರ್ಷ ಮೂರೂ ತಲೆಬರಹದಲ್ಲೇ ಇರಲಿ ಎಂದು ಕೇಳುವುದಕ್ಕೆ ವಾಟ್ಸ್‌ಆ್ಯಪ್ ಕಾರಣ. ಹಾಳೆಯ ಫೋಟೋ ತೆಗೆದು ಗುಂಪಿನಲ್ಲಿ ಹಾಕುತ್ತಾರೆ, ಅದು ಅರ್ಧಕ್ಕೆ ಕತ್ತರಿಸಿ ಮುಂದೆ ಹೋಗುತ್ತದೆ, ಮುಂದಿನ ವರ್ಷ ಅದೇ ಫೋಟೋ ಮತ್ತೆ ತೇಲಿ ಬರುತ್ತದೆ. ಮೇಲಿನ ಎರಡು ಸಾಲುಗಳಲ್ಲಿ ವರ್ಷ ಇದ್ದರೆ ಆ ಗೊಂದಲ ಅಲ್ಲಿಗೇ ತಪ್ಪುತ್ತದೆ. ಕನ್ನಡದ್ದೂ ಇಂಗ್ಲಿಷಿನದ್ದೂ ಬೇರೆ ಬೇರೆ ಹಾಳೆ ಮಾಡುವಿರಾದರೆ ಎರಡನ್ನೂ ಒಬ್ಬರೇ ಅಕ್ಕಪಕ್ಕ ಇಟ್ಟುಕೊಂಡು ಅಂಕಿಗಳನ್ನು ತಾಳೆ ನೋಡಲಿ.

ಮುದ್ರಣಕ್ಕೆ ಕೊಡುವ ಮೊದಲು ಇನ್ನೊಂದು ಕೆಲಸ ಮಾಡಿ ನೋಡಿ. ಆಡಳಿತ ಮಂಡಳಿಯ ಸಭೆಯಲ್ಲಿ ಕೂರದ ಯಾರಾದರೊಬ್ಬರ ಕೈಗೆ ಕರಡನ್ನು ಕೊಡಿ. ನಮ್ಮ ಬಸ್ಸಿನ ಚಾಲಕರ ಮಗಳೂ ಇಲ್ಲೇ ಓದುತ್ತಾಳೆ, ಅವರೇ ಆಗಬಹುದು. ಮೊದಲ ಕಂತು ಎಷ್ಟು, ಯಾವ ದಿನದವರೆಗೆ ಕಟ್ಟಬಹುದು, ತಡವಾದರೆ ಏನಾಗುತ್ತದೆ, ಏಕೆ ಏರಿಸಿದ್ದಾರೆ ಎಂದು ಅವರನ್ನು ಕೇಳಿ, ವಿವರಣೆ ಮಾತ್ರ ಕೊಡಬೇಡಿ. ಅವರು ಪೆನ್ನು ಹಿಡಿದು ಲೆಕ್ಕ ಹಾಕಲು ಹೊರಟರೆ, ಆ ಲೆಕ್ಕವನ್ನು ತಾವೇ ಹಾಕಿ ಉತ್ತರವನ್ನು ಕಾಗದದಲ್ಲಿ ಬರೆಯಬೇಕಿತ್ತು ಎಂದು ಅರ್ಥ. ‘ಬಹುಶಃ’ ಎಂದು ಉತ್ತರ ಶುರು ಮಾಡಿದರೆ ಆ ಸಾಲನ್ನು ತಿದ್ದಿ. ಸುತ್ತೋಲೆ ಹೊರಟ ಮೇಲೆ ಕೌಂಟರಿಗೆ ಬರುವ ಪ್ರಶ್ನೆಗಳನ್ನು ಗುಮಾಸ್ತರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದ್ದರೆ ಅದರ ಉತ್ತರ ಮುಂದಿನ ವರ್ಷದ ಹಾಳೆಗೆ ಸೇರಬೇಕು.

ಅಂಕಿ ತೆರೆದಿಟ್ಟರೆ ಪ್ರಶ್ನೆಗಳು ಹೆಚ್ಚುತ್ತವೆ ಎಂಬ ಅಳುಕು ತಮ್ಮಲ್ಲಿ ಕೆಲವರಿಗೆ ಇದೆ ಎಂದು ಸಭೆಯ ಮಾತುಗಳಿಂದ ತಿಳಿಯಿತು. ಕೆಲವು ಪ್ರಶ್ನೆ ಬರುತ್ತವೆ, ನಿಜ. ವೇತನಕ್ಕೆ ₹64 ಸಾಕೇ, ಚಾವಣಿಗೆ ಅಷ್ಟು ಬೇಕೇ ಎಂದು ಕೇಳಬಹುದು. ಅವು ಶಾಲೆಯ ಕುರಿತ ಪ್ರಶ್ನೆಗಳು, ಉತ್ತರಿಸಲು ತಮ್ಮ ಖಜಾಂಚಿಗಳು ಸಮರ್ಥರು. ಈಗ ಬರುತ್ತಿರುವವು ಶಾಲೆಯ ಬಗ್ಗೆ ಅಲ್ಲ, ಕಾಗದದ ಬಗ್ಗೆ. ಇದಲ್ಲದೆ ಎಷ್ಟೇ ಸ್ಪಷ್ಟವಾಗಿ ಬರೆದರೂ ₹3,360 ಭಾರವಾಗುವ ಮನೆಗಳಿಗೆ ಅದು ಹಗುರವಾಗುವುದಿಲ್ಲ. ಏಪ್ರಿಲ್‌ನಲ್ಲೇ ನಿಖರವಾದ ಮೊತ್ತ ತಿಳಿದಿದ್ದರೆ ಹೊಂದಿಸಲು ಎರಡು ತಿಂಗಳಾದರೂ ಸಿಗುತ್ತಿತ್ತು. ಆ ಎರಡು ತಿಂಗಳಲ್ಲಿ ಒಂದಿಷ್ಟು ಈಗಾಗಲೇ ಕಳೆದಿದೆ.

ಆದ್ದರಿಂದ ಪರಿಷ್ಕೃತ ಸುತ್ತೋಲೆ ಮೇ 15ರಂದು ಪೋಷಕರ ಕೈಯಲ್ಲಿರುವಂತೆ ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ರಜೆಯ ದಿನಗಳಾದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಗೇಟಿನ ಸೂಚನಾ ಫಲಕದಲ್ಲಿಯೂ ಅಂಟಿಸಿ. ಮೊಬೈಲ್ ಇಲ್ಲದ ಮನೆಗಳಿಗೆ ಬಸ್ಸಿನ ಸಹಾಯಕರ ಕೈಯಲ್ಲಿ ತಲುಪಿಸಲು ಸಾಧ್ಯವಿದೆ, ಮಾರ್ಗ ಅವರಿಗೆ ಗೊತ್ತು. ಉಳಿದ ತರಗತಿಗಳ ಮೊತ್ತದ ಪಟ್ಟಿಯನ್ನು ಲೆಕ್ಕಪತ್ರ ವಿಭಾಗದಿಂದ ಕೊಡಿಸಿದರೆ ಆ ಹಾಳೆಗಳನ್ನೂ ನಾನೇ ಬೆರಳಚ್ಚು ಮಾಡಿ ಕೊಡುತ್ತೇನೆ. ಚಾವಣಿಯ ಬಗೆಗಿನ ಆ ಖಾಲಿ ಸಾಲಿಗೆ ತಮ್ಮ ತೀರ್ಮಾನ ಬೇಕು.

ಇಂತಿ ತಮ್ಮ ವಿಶ್ವಾಸಿ,
ಆರನೇ ತರಗತಿಯ ವಿದ್ಯಾರ್ಥಿನಿಯ ತಾಯಿ